ಶ್ರವ್ಯಕಥೆಯ ಸ್ಕ್ರಿಪ್ಟ್‌ನಲ್ಲಿ ಸಂಗೀತ, ಸದ್ದು, ಮೌನದ ಸೂಚನೆಗಳನ್ನು ಎಲ್ಲಿ ಬರೆಯಬೇಕು, ಎಷ್ಟು ಬರೆಯಬೇಕು?

ಶರ್ಮಿಳಾ, ಗಿರಿನಗರ

ಎಲ್ಲರಿಗೂ ನಮಸ್ಕಾರ. ಹದಿನೈದು ನಿಮಿಷಗಳ ಒಂದು ಶ್ರವ್ಯಕಥೆಯನ್ನು ಬರೆದು, ಪರಿಚಯದ ಪಾಡ್‌ಕಾಸ್ಟ್ ತಂಡವೊಂದರ ಮೂಲಕ ಧ್ವನಿಮುದ್ರಣ ಮಾಡಿಸಿದ್ದೇನೆ. ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ಟ್ರೆಡಲ್ ಯಂತ್ರವೊಂದನ್ನು ಇಟ್ಟುಕೊಂಡು ಲಗ್ನಪತ್ರಿಕೆಗಳನ್ನು ಅಚ್ಚು ಹಾಕುವ ರಾಮಣ್ಣ ಎಂಬವರ ಕಥೆ ಅದು. ತಮ್ಮ ಮಗಳದೇ ಲಗ್ನಪತ್ರಿಕೆಯನ್ನು ಅಚ್ಚು ಹಾಕುತ್ತಿರುವ ಹೊತ್ತಿಗೆ ಮಗಳು ಬಂದು, ಗಂಡಿನ ಕಡೆಯವರು ಸಂಬಂಧ ಮುರಿದುಕೊಂಡ ಸುದ್ದಿ ಹೇಳುತ್ತಾಳೆ. ಕಾಗದದಲ್ಲಿ ಓದಿದವರೆಲ್ಲರೂ ಈ ಭಾಗದಲ್ಲಿ ಮನಸ್ಸು ಕಲಕಿತು ಎಂದರು. ಅದೇ ಕಥೆಯನ್ನು ಕೇಳಿದವರು ಮಾತ್ರ ‘ಚೆನ್ನಾಗಿದೆ’ ಎಂದು ಸುಮ್ಮನಾದರು. ನಾನೇ ಕೇಳಿದಾಗ ಎರಡು ಸಂಗತಿಗಳು ಗಮನಕ್ಕೆ ಬಂದವು. ಮಗಳು ಬಾಯಿ ತೆರೆಯುವ ಮೊದಲೇ ಕೆಟ್ಟ ಸುದ್ದಿ ಬರಲಿದೆ ಎಂಬುದು ಸಂಗೀತದಿಂದ ಗೊತ್ತಾಗಿಬಿಡುತ್ತದೆ. ನಾನು ‘ಮೌನ’ ಎಂದು ಬರೆದ ಕಡೆಗಳಲ್ಲಿ ಮೌನವೇ ಇಲ್ಲ, ಮಾತಿನ ಹಿಂದೆಯೇ ಮಾತು ಬರುತ್ತದೆ. ಸಂಕಲನ ಮಾಡಿದವರನ್ನು ಕೇಳಿದರೆ, ಸ್ಕ್ರಿಪ್ಟ್‌ನಲ್ಲಿ ಇದ್ದಂತೆಯೇ ಮಾಡಿದ್ದೇನೆ ಎಂದರು. ಆ ಭಾಗ ಹೀಗಿದೆ:

(ದುಃಖದ ಸಂಗೀತ. ಹಿನ್ನೆಲೆಯಲ್ಲಿ ಪ್ರೆಸ್ಸಿನ ಸದ್ದು.)
ವಸುಧಾ: (ಅಳುತ್ತಾ) ಅಪ್ಪಾ, ಈ ಮದುವೆ ನಡೆಯುವುದಿಲ್ಲ.
(ಮೌನ. ಸಂಗೀತ ಜೋರಾಗುತ್ತದೆ.)
ರಾಮಣ್ಣ: ಎಷ್ಟು ಅಚ್ಚಾಗಿದೆಯೋ ಎಣಿಸಿ ಪಕ್ಕಕ್ಕೆ ಇಡಮ್ಮ.
(ಸಂಗೀತ ಮುಂದುವರಿಯುತ್ತದೆ.)

ಈ ತಿಂಗಳ ಕೊನೆಯೊಳಗೆ ಮತ್ತೊಮ್ಮೆ ಧ್ವನಿಮುದ್ರಣ ಮಾಡಿಸುವ ಅವಕಾಶವಿದೆ. ಸೂಚನೆಗಳನ್ನು ಹೇಗೆ ಬರೆದರೆ ನಾನು ಎಣಿಸಿದ್ದೇ ಕೇಳುಗರ ಕಿವಿಗೆ ತಲುಪುತ್ತದೆ?

ವಿನಯ್, ವಿಜಯನಗರ

ನಿಮ್ಮ ಸೂಚನೆಗಳಲ್ಲಿ ಅಳತೆಯೇ ಇಲ್ಲ, ತೊಂದರೆಯ ಮೂಲ ಅದೇ. ‘ದುಃಖದ ಸಂಗೀತ’ ಎಂದರೆ ಒಬ್ಬೊಬ್ಬ ಸಂಕಲನಕಾರನೂ ಒಂದೊಂದು ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾನೆ. ಪ್ರತಿ ಸೂಚನೆಗೂ ಸಮಯವನ್ನು ಬರೆಯಿರಿ. ‘ಸಂಗೀತ 4 ನಿಮಿಷ 10 ಸೆಕೆಂಡಿಗೆ ಆರಂಭ, 4 ನಿಮಿಷ 35ಕ್ಕೆ ಮುಕ್ತಾಯ, ಮೌನ 3 ಸೆಕೆಂಡು’ ಎಂದು ಸ್ಪಷ್ಟವಾಗಿ ಬರೆದುಕೊಟ್ಟರೆ ಯಾರಿಗೂ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ನಾನು ಕಂಪನಿಗಳ ತರಬೇತಿ ವಿಡಿಯೋಗಳಿಗೆ ಬರೆಯುವಾಗ ಹೀಗೆಯೇ ಬರೆಯುತ್ತೇನೆ, ಒಂದು ಸಲವೂ ಗೊಂದಲವಾಗಿಲ್ಲ. ಭಾವನಾತ್ಮಕ ಜಾಗಗಳಲ್ಲಿ ಮೂರು ಸೆಕೆಂಡುಗಳ ಪೂರ್ಣ ನಿಶ್ಶಬ್ದ ಇದ್ದರೆ ಸಾಕು, ಪರಿಣಾಮ ತಾನಾಗಿಯೇ ಬರುತ್ತದೆ.

ಪ್ರದೀಪ, ಕೆಂಗೇರಿ

ಸಂಗೀತದ ವಿಷಯದಲ್ಲಿ ಎಚ್ಚರಿಕೆಯಿಂದಿರಿ ಎಂದು ಹೇಳಲು ಬರೆಯುತ್ತಿದ್ದೇನೆ. ನಮ್ಮ ತಾಯಿಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಮಾಡಿದ ವಿಡಿಯೋದಲ್ಲಿ ಹಳೆಯ ಚಿತ್ರಗೀತೆಯೊಂದರ ವಾದ್ಯಭಾಗವನ್ನು ಹಿನ್ನೆಲೆಗೆ ಹಾಕಿದ್ದೆ, ಅದನ್ನು ಜಾಲತಾಣಕ್ಕೆ ಏರಿಸಿದ ಕೂಡಲೇ ಹಕ್ಕುಸ್ವಾಮ್ಯದ ಸೂಚನೆ ಬಂದು ಧ್ವನಿಯೇ ಹೋಯಿತು. ನಿಮ್ಮ ಕಥೆಯಲ್ಲಿ ಮೌನ ಕಾಣೆಯಾಗಿರುವುದಕ್ಕೂ ಅಂಥದ್ದೇ ಕಾರಣ ಇರಬಹುದೇ ನೋಡಿ. ಯಾರ ಸಂಗೀತವನ್ನು ಬಳಸಿದ್ದಾರೆ, ಅನುಮತಿ ಇದೆಯೇ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.

ನಾಗರತ್ನ, ರಾಜಾಜಿನಗರ

ಪ್ರದೀಪ ಅವರ ಎಚ್ಚರಿಕೆ ಸರಿಯಾದದ್ದೇ, ಆದರೆ ಶರ್ಮಿಳಾ ಕೇಳಿರುವುದು ಬೇರೆ ವಿಷಯ. ಹಕ್ಕುಸ್ವಾಮ್ಯದ ತೊಂದರೆ ಇದ್ದರೆ ಸಂಗೀತ ಹೋಗುತ್ತದೆಯೇ ಹೊರತು ಮೌನ ಹೋಗುವುದಿಲ್ಲ.

ನಾನು ಬಾನುಲಿ ನಾಟಕಗಳಿಗೆ ಬಹಳ ವರ್ಷ ಬರೆದವಳು, ನಿರ್ಮಾಣದ ಕೆಲಸವನ್ನೂ ಮಾಡಿದವಳು. ಸ್ಕ್ರಿಪ್ಟ್‌ನ ಅಂಚಿನಲ್ಲಿ ಬರೆಯುವ ಈ ಸಣ್ಣ ಸೂಚನೆಗಳ ಮೇಲೆ ನಾಟಕದ ಅರ್ಧ ಜೀವ ನಿಂತಿರುತ್ತದೆ ಎಂಬುದನ್ನು ಕಂಡಿದ್ದೇನೆ. ವಿನಯ್ ಅವರು ಹೇಳಿದ್ದರಲ್ಲಿ ಒಂದು ಭಾಗ ನಿಜ, ಅಸ್ಪಷ್ಟ ಸೂಚನೆಯಿಂದ ಪ್ರಯೋಜನವಿಲ್ಲ. ಆದರೆ ಧ್ವನಿಮುದ್ರಣಕ್ಕೆ ಮೊದಲೇ ‘4 ನಿಮಿಷ 10 ಸೆಕೆಂಡು’ ಎಂದು ಬರೆದರೆ ಆ ಅಂಕಿಗೆ ಆಧಾರವೇ ಇರುವುದಿಲ್ಲ. ಕಲಾವಿದರು ಒಂದು ವಾಕ್ಯವನ್ನು ತುಸು ನಿಧಾನವಾಗಿ ಹೇಳಿದರೂ ಅಲ್ಲಿಂದ ಮುಂದಿನ ಎಲ್ಲ ಅಂಕಿಗಳೂ ತಪ್ಪುತ್ತವೆ. ತರಬೇತಿ ವಿಡಿಯೋದಲ್ಲಿ ಚಿತ್ರದ ಅವಧಿ ಮೊದಲೇ ಗೊತ್ತಿರುವುದರಿಂದ ಅಲ್ಲಿ ಅದು ನಡೆಯುತ್ತದೆ. ಕಥೆಯಲ್ಲಿ ಸೂಚನೆಯನ್ನು ಕಟ್ಟಬೇಕಾದದ್ದು ಮಾತಿಗೆ, ಗಡಿಯಾರಕ್ಕಲ್ಲ. ಯಾವ ಪದದ ಮೇಲೆ ಅಥವಾ ಯಾವ ಕ್ರಿಯೆಯ ನಂತರ ಸದ್ದು ಶುರುವಾಗಬೇಕು, ಮಾತು ನಡೆಯುವಾಗ ಅದು ಎಲ್ಲಿರಬೇಕು, ಯಾವುದರಿಂದ ಅದು ಮುಗಿಯಬೇಕು, ಈ ಮೂರೂ ಸೂಚನೆಯಲ್ಲಿ ಇರಬೇಕು. ನಿಮ್ಮ ತುಣುಕಿನಲ್ಲಿ ಸಂಗೀತದ ಆರಂಭ ಮಾತ್ರ ಇದೆ, ಮುಕ್ತಾಯ ಎಲ್ಲಿಯೂ ಇಲ್ಲ. ಮುಕ್ತಾಯ ಹೇಳದ ಸಂಗೀತವನ್ನು ಸಂಕಲನಕಾರರು ದೃಶ್ಯದ ಕೊನೆಯವರೆಗೂ ಎಳೆಯುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ‘ಮೌನ. ಸಂಗೀತ ಜೋರಾಗುತ್ತದೆ’ ಎಂಬ ಸಾಲನ್ನೂ ಗಮನಿಸಿ. ಎರಡೂ ಒಟ್ಟಿಗೆ ಆಗುವಂತಿಲ್ಲ, ಆದ್ದರಿಂದ ಅವರು ಸುಲಭವಾದದ್ದನ್ನು ಆರಿಸಿಕೊಂಡಿದ್ದಾರೆ.

ಈಗ ನಿಮ್ಮ ದೃಶ್ಯದ ಮುಖ್ಯ ವಾಕ್ಯಕ್ಕೆ ಬರುತ್ತೇನೆ. ‘ಈ ಮದುವೆ ನಡೆಯುವುದಿಲ್ಲ.’ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಿಷೇಧವು ಆ ಕ್ರಿಯಾಪದದ ಬಾಲದಲ್ಲಿ ಕುಳಿತಿರುತ್ತದೆ. ‘ಈ ಮದುವೆ ನಡೆಯುವು’ ಎನ್ನುವವರೆಗೂ ಮದುವೆ ಇನ್ನೂ ನಡೆಯಬಹುದು, ‘ದಿಲ್ಲ’ ಎಂದಾಗಲೇ ಅದು ಮುರಿಯುತ್ತದೆ. ಹಾಗಾಗಿ ವಾಕ್ಯದ ಮಧ್ಯದಲ್ಲಿ ದುಃಖದ ಸಂಗೀತ ಕೇಳಿಸಿದರೆ, ಮಗಳು ಹೇಳಬೇಕಾದದ್ದನ್ನು ಪಿಟೀಲು ಮೊದಲೇ ಹೇಳಿಬಿಡುತ್ತದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಸಂಗೀತ ವಾಕ್ಯಕ್ಕೂ ಮೊದಲೇ ಇದೆ. ಕೊನೆಯ ಅಕ್ಷರ ಮುಗಿದು ಕೇಳುಗರಿಗೆ ಅದು ಅರ್ಥವಾಗುವವರೆಗೂ ಯಾವ ಸಂಗೀತವೂ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೌನದ ವಿಷಯದಲ್ಲಿ ನಿಮಗೆ ಒಂದು ಅನುಕೂಲವಿದೆ, ನೀವು ಅದನ್ನು ಬಳಸಿಕೊಂಡಿಲ್ಲ. ಮೌನ ಕೇಳಿಸಬೇಕಾದರೆ ಅದಕ್ಕೆ ಮೊದಲು ಒಂದು ಸದ್ದು ಇರಬೇಕು, ಕಿವಿ ಆ ಸದ್ದಿಗೆ ಒಗ್ಗಿಕೊಂಡಿರಬೇಕು, ಆಮೇಲೆ ಅದು ನಿಲ್ಲಬೇಕು. ಟ್ರೆಡಲ್ ಯಂತ್ರ ನಿಮ್ಮ ಕೈಯಲ್ಲೇ ಇದೆ. ಕೈಯಿಂದ ಹಾಳೆ ಕೊಡುವ ಆ ಯಂತ್ರ ಗಂಟೆಗೆ ಸುಮಾರು ಸಾವಿರ ಹಾಳೆ ಅಚ್ಚು ಹಾಕುತ್ತದೆ ಎಂದಿಟ್ಟುಕೊಂಡರೆ, ಮೂರೂವರೆ ಸೆಕೆಂಡಿಗೊಮ್ಮೆ ಅದರ ಹೊಡೆತ ಬೀಳುತ್ತದೆ. ದೃಶ್ಯದ ಆರಂಭದಿಂದ ಅದು ಬೀಳುತ್ತಲೇ ಇರಲಿ. ಮಗಳು ಮೊದಲ ಸಲ ಹೇಳಿದ್ದು ಆ ಸದ್ದಿನಲ್ಲಿ ತಂದೆಗೆ ಕೇಳಿಸದಿರಲಿ. ಆಗ ಆ ಮಾತನ್ನು ಅವಳು ಎರಡನೆಯ ಸಲ ಹೇಳಬೇಕಾಗುತ್ತದೆ, ಅಂಥ ಮಾತನ್ನು ಎರಡು ಸಲ ಹೇಳುವ ಸಂಕಟವನ್ನು ಯಾವ ಸಂಗೀತವೂ ಕೊಡಲಾರದು. ಮೋಟಾರ್ ನಿಲ್ಲಿಸಿದರೂ ಯಂತ್ರ ತಕ್ಷಣ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಿ. ಅದರ ದೊಡ್ಡ ಚಕ್ರ ಇನ್ನೂ ಕೆಲವು ಸುತ್ತು ತಿರುಗುತ್ತದೆ, ಹೊಡೆತಗಳ ನಡುವಿನ ಅಂತರ ಹಿಗ್ಗುತ್ತಾ ಹೋಗಿ ಕೊನೆಗೆ ಒಂದು ಹೊಡೆತ ಬರುವುದೇ ಇಲ್ಲ. ಮುಂದಿನ ಹೊಡೆತಕ್ಕಾಗಿ ಕಿವಿ ಕಾಯುತ್ತಿರುವಾಗಲೇ ಮೌನ ಆರಂಭವಾಗಿರುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

ಸದ್ದು 1: ಟ್ರೆಡಲ್ ಯಂತ್ರ. ದೃಶ್ಯದ ಮೊದಲ ಮಾತಿಗಿಂತ ಮುಂಚೆ ನಾಲ್ಕೈದು ಹೊಡೆತ ಸ್ಪಷ್ಟವಾಗಿ ಕೇಳಿಸಲಿ, ನಂತರ ಮಾತಿನ ಕೆಳಗೆ ಮುಂದುವರಿಯಲಿ.
ವಸುಧಾ: (ಯಂತ್ರದ ಸದ್ದನ್ನು ಮೀರಿ) ಅಪ್ಪಾ, ಈ ಮದುವೆ ನಡೆಯುವುದಿಲ್ಲ.
ರಾಮಣ್ಣ: ಏನಮ್ಮ? ಕೇಳಿಸಲಿಲ್ಲ. ಇರು.
ಸದ್ದು 2: ಸ್ವಿಚ್ ಆರಿಸಿದ್ದು. ಸದ್ದು 1 ನಿಧಾನವಾಗಿ ತಗ್ಗುತ್ತಾ ತಾನಾಗಿಯೇ ನಿಲ್ಲಲಿ. ಫೇಡ್ ಮಾಡಬಾರದು.
ಸದ್ದು 3: ಹೊರಗಿನ ರಸ್ತೆ, ದೂರದಲ್ಲಿ. ಯಂತ್ರ ನಿಂತ ಮೇಲೆ ಮಾತ್ರ ಕೇಳಿಸಲಿ, ದೃಶ್ಯದ ಕೊನೆಯವರೆಗೂ ಇರಲಿ.
ವಸುಧಾ: (ಈಗ ದನಿ ಏರಿಸುವ ಅಗತ್ಯವಿಲ್ಲ) ಈ ಮದುವೆ ನಡೆಯುವುದಿಲ್ಲ.
ಮೌನ 1: ರಾಮಣ್ಣನದು. ಉಸಿರು ಬೇಡ, ನಿಟ್ಟುಸಿರು ಬೇಡ. ಸದ್ದು 3 ಮಾತ್ರ. ಸದ್ದು 4ರಿಂದ ಮುರಿಯಲಿ.
ಸದ್ದು 4: ಯಂತ್ರದಲ್ಲಿ ಉಳಿದಿದ್ದ ಒಂದು ಹಾಳೆಯನ್ನು ಎತ್ತಿಕೊಂಡದ್ದು. ಮೈಕಿಗೆ ಹತ್ತಿರ.
ರಾಮಣ್ಣ: ಎಷ್ಟು ಅಚ್ಚಾಗಿದೆಯೋ ಎಣಿಸಿ ಪಕ್ಕಕ್ಕೆ ಇಡಮ್ಮ.
ಸಂಗೀತ 1: ‘ಇಡಮ್ಮ’ ಮುಗಿದು ಸ್ವಲ್ಪ ಹೊತ್ತಾದ ಮೇಲೆ, ಬಂದದ್ದು ಗೊತ್ತಾಗದ ಹಾಗೆ. ನಿರೂಪಕಿಯ ಮುಂದಿನ ವಾಕ್ಯದ ಕೆಳಗೆ ಇದ್ದು, ಆ ವಾಕ್ಯದ ಜೊತೆಗೇ ಮುಗಿಯಲಿ.

ಸೂಚನೆಗಳಿಗೆ ಸಂಖ್ಯೆ ಕೊಟ್ಟಿರುವುದರಿಂದ ‘ಸದ್ದು 3 ಇನ್ನಷ್ಟು ಕೆಳಗಿರಲಿ’ ಎಂದು ಫೋನಿನಲ್ಲಿ ಹೇಳಿದರೂ ಸಂಕಲನಕಾರರಿಗೆ ಅರ್ಥವಾಗುತ್ತದೆ. ಮೌನಕ್ಕೂ ಸಂಖ್ಯೆ ಕೊಡಿ. ಸಂಖ್ಯೆ ಇರುವ ಸೂಚನೆಯನ್ನು ಮಾಡಬೇಕಾದ ಕೆಲಸ ಎಂದು ಎಲ್ಲರೂ ನೋಡುತ್ತಾರೆ, ಸಂಖ್ಯೆ ಇಲ್ಲದ್ದನ್ನು ಖಾಲಿ ಜಾಗ ಎಂದುಕೊಳ್ಳುತ್ತಾರೆ.

‘ಅಳುತ್ತಾ’ ಎಂಬುದನ್ನು ತೆಗೆದಿದ್ದೇನೆ. ಅವಳೂ ಅತ್ತು, ಸಂಗೀತವೂ ಅತ್ತರೆ ಕೇಳುಗರಿಗೆ ಅಳುವ ಕೆಲಸ ಉಳಿಯುವುದಿಲ್ಲ.

ಇಮ್ರಾನ್, ಶಿವಾಜಿನಗರ

ನಾನು ಆಡಿಯೋ ಸಂಕಲನ ಮಾಡುವವನು. ನಾಗರತ್ನ ಮೇಡಂ ಬರೆದದ್ದರಂತಹ ಸ್ಕ್ರಿಪ್ಟ್ ಕೈಗೆ ಬಂದರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಮೌನ ಕಾಣೆಯಾದ ವಿಷಯದ ಬಗ್ಗೆ ಒಂದು ಸಾಧ್ಯತೆಯನ್ನು ಹೇಳುತ್ತೇನೆ.

ಮಾತಿನ ನಡುವಿನ ಖಾಲಿ ಜಾಗಗಳನ್ನು ತಾನಾಗಿ ಕತ್ತರಿಸುವ ಸೌಲಭ್ಯ ಅನೇಕ ತಂತ್ರಾಂಶಗಳಲ್ಲಿದೆ. ಆಡಾಸಿಟಿಯಲ್ಲಿ ಅದರ ಹೆಸರು `Truncate Silence`. ಅದರಲ್ಲಿ ಮೊದಲೇ ಇರುವ ಮಿತಿ −20 ಡೆಸಿಬೆಲ್. ಅದಕ್ಕಿಂತ ಕೆಳಗಿನ ಯಾವುದೇ ಸದ್ದು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ, ಉಳಿದದ್ದನ್ನು ಅದು ಕತ್ತರಿಸಿಹಾಕುತ್ತದೆ. ಸಂದರ್ಶನಗಳಲ್ಲಿ ಇದರಿಂದ ಬಹಳ ಸಮಯ ಉಳಿಯುವುದರಿಂದ ಕೆಲವರು ಅಭ್ಯಾಸಬಲದಿಂದ ಎಲ್ಲ ಫೈಲುಗಳಿಗೂ ಹಾಕುತ್ತಾರೆ. −20 ಎಂಬುದು ಮೌನಕ್ಕೆ ಬಹಳ ಎತ್ತರದ ಮಿತಿ, ಮೆಲುದನಿಯ ಮಾತು ಕೂಡ ಕೆಲವೊಮ್ಮೆ ಅದರ ಕೆಳಗೆ ಬೀಳುತ್ತದೆ. ಪತ್ತೆ ಮಾಡುವುದು ಸುಲಭ. ನಿಮ್ಮ ಕೊನೆಯ ಫೈಲಿನಲ್ಲಿ ವಾಕ್ಯಗಳ ನಡುವಿನ ಅಂತರಗಳನ್ನು ನೋಡಿ. ಜನ ಮಾತಾಡುವಾಗ ಆ ಅಂತರಗಳು ಉದ್ದ ಗಿಡ್ಡ ಇರುತ್ತವೆ. ದೊಡ್ಡ ಅಂತರಗಳೆಲ್ಲ ಒಂದೇ ಅಳತೆಗೆ, ಅರ್ಧ ಸೆಕೆಂಡಿಗೆ, ಬಂದು ನಿಂತಿದ್ದರೆ ಅದು ಯಂತ್ರದ ಕತ್ತರಿ.

ವಿನಯ್ ಅವರು ‘ಪೂರ್ಣ ನಿಶ್ಶಬ್ದ’ ಎಂದಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಸದ್ದಿನ ಮಟ್ಟವನ್ನು ಸೊನ್ನೆಗೆ ಇಳಿಸಿದರೆ ಕೇಳುಗರಿಗೆ ರಾಮಣ್ಣ ಸುಮ್ಮನಾದರು ಎನಿಸುವುದಿಲ್ಲ, ಫೋನ್ ಕೆಟ್ಟಿತೇ ಎಂಬ ಅನುಮಾನ ಬರುತ್ತದೆ. ಖಾಲಿ ಕೋಣೆಗೂ ಅದರದೇ ಸದ್ದು ಇರುತ್ತದೆ, ಮಾತಿನ ಹಿಂದೆ ಇದ್ದ ಅದೇ ಸದ್ದು ಮೌನದಲ್ಲೂ ಮುಂದುವರಿಯಬೇಕು. ಆದ್ದರಿಂದ ಧ್ವನಿಮುದ್ರಣದ ದಿನ, ಕಲಾವಿದರು ಇನ್ನೂ ಕೋಣೆಯಲ್ಲೇ ಇರುವಾಗ, ಮೈಕನ್ನು ಕದಲಿಸದೆ, ಯಾರೂ ಮಾತಾಡದೆ ಒಂದು ನಿಮಿಷ ಮುದ್ರಿಸಿಕೊಳ್ಳಿ. ಜನ ಹೊರಗೆ ಹೋದ ಮೇಲೆ ಕೋಣೆಯ ಸದ್ದೂ ಬದಲಾಗುತ್ತದೆ, ಆಮೇಲೆ ತಂದು ಜೋಡಿಸಿದರೆ ಹೊಲಿಗೆ ಕೇಳಿಸುತ್ತದೆ. ಫ್ಯಾನ್, ಫ್ರಿಜ್ ಎರಡನ್ನೂ ಆರಿಸಿ. ನಮ್ಮ ಊರಿನಲ್ಲಿ ಹಾರ್ನ್ ಇಲ್ಲದ ಹೊತ್ತು ಸಿಗುವುದು ಬೆಳಗಿನ ಐದು ಗಂಟೆಯ ಸುಮಾರಿಗೆ, ನಾನು ಮುಖ್ಯವಾದ ಮುದ್ರಣಗಳನ್ನು ಆಗಲೇ ಮಾಡುತ್ತೇನೆ.

ಶರ್ಮಿಳಾ, ಗಿರಿನಗರ

ಇಮ್ರಾನ್ ಅವರೇ, ನೀವು ಹೇಳಿದಂತೆ ಫೈಲನ್ನು ತೆರೆದು ನೋಡಿದೆ. ಅಂತರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಗೆ ಇವೆ, ಕಥೆಯುದ್ದಕ್ಕೂ ಹಾಗೆಯೇ ಇದೆ. ತಂಡದವರನ್ನು ವಿಚಾರಿಸಿದಾಗ, ಎಲ್ಲ ಕಂತುಗಳಿಗೂ ಆ ಕ್ರಮ ಇರುತ್ತದೆ ಎಂದರು. ಈ ಕಥೆಗೆ ಬೇಡ ಎಂದು ಸ್ಕ್ರಿಪ್ಟ್‌ನ ಮೊದಲ ಪುಟದಲ್ಲೇ ಬರೆದುಕೊಡುತ್ತೇನೆ.

ನಾಗರತ್ನ ಮೇಡಂ, ನೀವು ತಿದ್ದಿದ ಭಾಗವನ್ನು ಮನೆಯವರಿಗೆ ಓದಿ ಹೇಳಿದೆ. ಎರಡನೆಯ ಸಲ ‘ನಡೆಯುವುದಿಲ್ಲ’ ಎಂದು ಓದುವಾಗ ನನಗೇ ಗಂಟಲು ಕಟ್ಟಿತು. ಎರಡು ಪ್ರಶ್ನೆಗಳಿವೆ. ‘ಮೌನ 1’ ಎಷ್ಟು ಉದ್ದ ಇರಬೇಕು ಎಂದು ನೀವು ಬರೆದಿಲ್ಲ, ಅದನ್ನು ಯಾರು ತೀರ್ಮಾನಿಸುತ್ತಾರೆ? ಸಂಗೀತಕ್ಕೆ ‘ದುಃಖದ’ ಎಂಬ ಪದವನ್ನೂ ತೆಗೆದಿದ್ದೀರಿ, ಹಾಗಾದರೆ ಸಂಗೀತಗಾರರಿಗೆ ಏನೆಂದು ಹೇಳಬೇಕು?

ಸುಮಿತ್ರಾ, ಯಲಹಂಕ

ಧ್ವನಿ ಕಲಾವಿದೆಯಾಗಿ ಮೊದಲ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರಿಸುತ್ತೇನೆ. ಸ್ಕ್ರಿಪ್ಟ್‌ನಲ್ಲಿ ‘ಮೌನ 3 ಸೆಕೆಂಡು’ ಎಂದಿದ್ದರೆ ನಾನು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತೇನೆ, ಆಮೇಲೆ ಬರುವ ಮಾತಿನಲ್ಲಿ ಆ ಎಣಿಕೆಯ ಬಿಗಿ ಕೇಳಿಸುತ್ತದೆ. ‘ರಾಮಣ್ಣನದು, ಹಾಳೆ ಎತ್ತುವುದರಿಂದ ಮುರಿಯಲಿ’ ಎಂದಿದ್ದರೆ ಆ ಹೊತ್ತಿನಲ್ಲಿ ಮಾಡಲು ನನಗೊಂದು ಕೆಲಸ ಇರುತ್ತದೆ. ರಾಮಣ್ಣನ ಪಾತ್ರಧಾರಿಯ ಕೈಗೆ ನಿಜವಾಗಿಯೂ ಒಂದು ದಪ್ಪ ಹಾಳೆಯನ್ನು ಕೊಡಿ. ಅವರು ಯಾವಾಗ ಎತ್ತಬೇಕೆನಿಸುತ್ತದೆಯೋ ಆಗ ಎತ್ತಲಿ. ಆ ಅಂತರವನ್ನು ಸಂಕಲನಕಾರರು ಆಮೇಲೆ ತುಸು ಹಿಗ್ಗಿಸಬಹುದು, ಕುಗ್ಗಿಸಬಹುದು, ಆದರೆ ಅದು ಹುಟ್ಟುವುದು ನಟನೆಯಲ್ಲೇ ಆಗಲಿ.

ಸೂಚನೆ ಎಲ್ಲಿ ಇರಬೇಕು ಎಂಬ ಬಗ್ಗೆಯೂ ಒಂದು ಮಾತು. ವಾಕ್ಯದ ನಡುವೆ ಆವರಣದಲ್ಲಿ ಸಂಗೀತದ ಸೂಚನೆಯನ್ನು ಬರೆದರೆ ಓದುವ ನಮ್ಮ ಕಣ್ಣು ಅಲ್ಲಿ ಎಡವುತ್ತದೆ, ವಾಕ್ಯದ ಲಯ ಅಲ್ಲಿಯೇ ತುಂಡಾಗುತ್ತದೆ. ಸಂಗೀತ ಮತ್ತು ಸದ್ದುಗಳಿಗೆ ಬೇರೆ ಸಾಲು ಕೊಡಿ. ಮಾತಿನ ಸಾಲಿನೊಳಗೆ ನಮಗೆ ಸಂಬಂಧಪಟ್ಟದ್ದು ಮಾತ್ರ ಇರಲಿ.

ನಾಗರತ್ನ, ರಾಜಾಜಿನಗರ

ಸುಮಿತ್ರಾ ಅವರ ಮಾತಿಗೆ ಸೇರಿಸುವುದು ಸ್ವಲ್ಪವೇ ಇದೆ. ಮೌನದ ಉದ್ದವನ್ನು ನೋಡುವಾಗ ಆ ಜಾಗವನ್ನು ಮಾತ್ರ ಕೇಳಿ ತೀರ್ಮಾನಿಸಬೇಡಿ. ಎರಡು ಸೆಕೆಂಡನ್ನು ಬಿಡಿಯಾಗಿ ಕೇಳಿದರೆ ಬಹಳ ಉದ್ದ ಎನಿಸುತ್ತದೆ, ಕತ್ತರಿಸಬೇಕೆಂಬ ಆಸೆ ಬರುತ್ತದೆ. ಕನಿಷ್ಠ ಒಂದು ನಿಮಿಷ ಹಿಂದಿನಿಂದ, ಯಂತ್ರದ ಸದ್ದಿನಿಂದ ಶುರುಮಾಡಿ ಕೇಳಿಕೊಂಡು ಬನ್ನಿ. ಆಗ ನಾಲ್ಕು ಸೆಕೆಂಡು ಕೂಡ ಸಾಲದೆನಿಸಬಹುದು. ಹದಿನೈದು ನಿಮಿಷದ ಕಥೆಯಲ್ಲಿ ಇಂಥ ಮೌನ ಒಂದಿರಲಿ, ಹೆಚ್ಚೆಂದರೆ ಎರಡು. ಪ್ರತಿ ಭಾವುಕ ಮಾತಿನ ಮುಂದೆಯೂ ಮೌನವಿಟ್ಟರೆ ಮೂರನೆಯದರಲ್ಲಿ ಕೇಳುಗರು ಅದನ್ನು ಮೊದಲೇ ಊಹಿಸುತ್ತಾರೆ.

ಸಂಗೀತಗಾರರಿಗೆ ಭಾವದ ಹೆಸರಿಗಿಂತ ಕೆಲಸವನ್ನು ಹೇಳಿ. ಇಲ್ಲಿ ಸಂಗೀತದ ಕೆಲಸ ದುಃಖವನ್ನು ಹೇಳುವುದಲ್ಲ, ಅದು ಆಗಲೇ ಆಗಿದೆ. ತಂದೆ ಆ ದುಃಖವನ್ನು ಎಣಿಕೆಯ ಕೆಲಸದ ಹಿಂದೆ ಬಚ್ಚಿಡುತ್ತಿದ್ದಾರೆ, ಸಂಗೀತ ಅವರ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಇಷ್ಟನ್ನು ಬರೆದುಕೊಟ್ಟರೆ ಒಳ್ಳೆಯ ಸಂಗೀತಗಾರರು ತಾವೇ ದಾರಿ ಕಂಡುಕೊಳ್ಳುತ್ತಾರೆ.

ರಾಘವೇಂದ್ರ, ಬಸವನಗುಡಿ

ಪಿಟೀಲು ನುಡಿಸುವವನಾಗಿ ಇದನ್ನು ಪೂರ್ತಿಯಾಗಿ ಒಪ್ಪಲಾರೆ. ‘ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು’ ಎಂದರೆ ಓದಲು ಸೊಗಸಾಗಿದೆ, ಆದರೆ ಸ್ಟುಡಿಯೋದಲ್ಲಿ ಕುಳಿತಾಗ ಯಾವ ಸ್ವರದಿಂದ ಶುರು ಮಾಡಬೇಕೆಂದು ಅದರಿಂದ ತಿಳಿಯುವುದಿಲ್ಲ. ‘ಶುಭಪಂತುವರಾಳಿಯಲ್ಲಿ, ತಾಳವಿಲ್ಲದೆ, ಕೆಳಸ್ಥಾಯಿಯಲ್ಲಿ, ಒಂಟಿ ವಾದ್ಯ’ ಎಂದು ಬರೆದರೆ ನನಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಬರೆಯುವವರಿಗೆ ರಾಗದ ತಿಳಿವಳಿಕೆ ಇದ್ದರೆ ಹೆಸರಿಸುವುದರಲ್ಲಿ ತಪ್ಪೇನಿದೆ?

ವಾದ್ಯದ ಬಗ್ಗೆಯೂ ಯೋಚಿಸಿ. ಕೊಳಲಾಗಲಿ ಪಿಟೀಲಾಗಲಿ ಮೇಲಿನ ಸ್ಥಾಯಿಯಲ್ಲಿ ನುಡಿದರೆ ಹೆಣ್ಣುದನಿಯ ಜಾಗಕ್ಕೇ ಬಂದು ಕೂರುತ್ತದೆ, ಎಷ್ಟು ತಗ್ಗಿಸಿದರೂ ನಿರೂಪಕಿಯ ಮಾತಿಗೆ ಅಡ್ಡ ಬರುತ್ತದೆ. ಕೆಳಸ್ಥಾಯಿಯ ಉದ್ದನೆಯ ಸ್ವರಗಳಾದರೆ ಮಾತಿಗೆ ಜಾಗ ಬಿಡುತ್ತವೆ. ಪರಿಚಿತ ದಾಸರ ಪದವನ್ನಾಗಲಿ ಕೀರ್ತನೆಯನ್ನಾಗಲಿ ವಾದ್ಯದಲ್ಲಿ ನುಡಿಸುವುದು ಬೇಡವೇ ಬೇಡ. ನಮ್ಮವರಿಗೆ ಸ್ವರ ಕೇಳಿದರೆ ಸಾಹಿತ್ಯ ನೆನಪಾಗುತ್ತದೆ, ನಿಮ್ಮ ನಿರೂಪಕಿ ಒಂದು ಹೇಳುತ್ತಿದ್ದರೆ ಕೇಳುಗರ ಮನಸ್ಸು ಇನ್ನೊಂದನ್ನು ಹಾಡಿಕೊಳ್ಳುತ್ತಿರುತ್ತದೆ.

ನಾಗರತ್ನ, ರಾಜಾಜಿನಗರ

ವಾದ್ಯ ಮತ್ತು ಸ್ಥಾಯಿಯ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನು ಸೂಚನೆಯಲ್ಲೇ ಬರೆಯಬೇಕು. ರಾಗದ ಹೆಸರಿನ ವಿಷಯದಲ್ಲಿ ನನಗೆ ಹಿಂಜರಿಕೆ ಇದೆ. ಶುಭಪಂತುವರಾಳಿ ಎಂದ ಕೂಡಲೇ ಹೆಚ್ಚಿನವರ ಕೈ ಶೋಕದ ಸಿದ್ಧ ಪ್ರಯೋಗಗಳಿಗೆ ಹೋಗುತ್ತದೆ, ಆಗ ‘ದುಃಖದ ಸಂಗೀತ’ ಎಂದು ಬರೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ನಿಮ್ಮಂಥವರು ನುಡಿಸುವುದಾದರೆ ಬೇರೆ ಮಾತು. ಆದರೆ ಸ್ಕ್ರಿಪ್ಟ್ ಯಾರ ಕೈಗೆ ಹೋಗುತ್ತದೆ ಎಂದು ಬರೆಯುವವರಿಗೆ ಗೊತ್ತಿರುವುದಿಲ್ಲ.

ರಾಘವೇಂದ್ರ, ಬಸವನಗುಡಿ

ಗೊತ್ತಿಲ್ಲದವರ ಕೈಗೆ ಹೋಗುವ ಸ್ಕ್ರಿಪ್ಟ್‌ನಲ್ಲಂತೂ ರಾಗದ ಹೆಸರು ಇರಲೇಬೇಕು, ಇಲ್ಲದಿದ್ದರೆ ಅವರು ಸಂಗ್ರಹದಲ್ಲಿ ಹುಡುಕಿ ಯಾವುದೋ ಪಿಯಾನೋ ತುಣುಕನ್ನು ಹಾಕುತ್ತಾರೆ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬರುವುದು ಕಷ್ಟ ಎನಿಸುತ್ತದೆ.

ವಿನಯ್, ವಿಜಯನಗರ

ಸಮಯದ ಅಂಕಿಗಳ ಬಗ್ಗೆ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಅವುಗಳ ಜಾಗ ಮುದ್ರಣವಾದ ಮೇಲೆ ಸಂಕಲನಕಾರರಿಗೆ ಕೊಡುವ ತಿದ್ದುಪಡಿಯ ಪಟ್ಟಿಯಲ್ಲಿ, ಸ್ಕ್ರಿಪ್ಟ್‌ನಲ್ಲಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂದಿನ ಕೇಳುಗರು ಕಣ್ಣು ಮುಚ್ಚಿ ಕುಳಿತು ಕೇಳುವುದಿಲ್ಲ. ಅಡುಗೆ ಮಾಡುತ್ತಾ, ಮೆಟ್ರೋದಲ್ಲಿ ನಿಂತು, ಗಾಡಿ ಓಡಿಸುತ್ತಾ ಕೇಳುತ್ತಾರೆ. ಅರ್ಧ ಗಮನದ ಕೇಳುಗರಿಗೆ ‘ಇಲ್ಲಿ ಏನೋ ಆಗಲಿದೆ’ ಎಂದು ಸಂಗೀತವೇ ಮೊದಲು ಎಚ್ಚರಿಸಬೇಕಲ್ಲವೇ? ಸಂಗೀತವನ್ನು ಸುದ್ದಿಯ ನಂತರಕ್ಕೆ ತಳ್ಳಿದರೆ, ಒಗ್ಗರಣೆಯ ಸದ್ದಿನಲ್ಲಿ ಅವರು ಸುದ್ದಿಯನ್ನೇ ತಪ್ಪಿಸಿಕೊಳ್ಳುತ್ತಾರೆ.

ಕಾವೇರಿ, ವೈಟ್‌ಫೀಲ್ಡ್

ನಾನು ಬರೆಯುವವಳಲ್ಲ, ಕೇಳುವವಳು. ದಿನವೂ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಮೆಜೆಸ್ಟಿಕ್ ಕಡೆಗೆ ಹೋಗಿಬರುವಾಗ ಕಥೆಗಳನ್ನು ಕೇಳುತ್ತೇನೆ. ಬಸ್ಸಿನಲ್ಲಿ ಕೋಣೆಯ ಸದ್ದು ಕೇಳಿಸುವ ಪ್ರಶ್ನೆಯೇ ಇಲ್ಲ. ಎಂಜಿನ್ನಿನ ಗದ್ದಲದಲ್ಲಿ ಮೌನ ಬಂದರೆ ನಾನು ಮಾಡುವ ಮೊದಲ ಕೆಲಸ ಜೇಬಿನಿಂದ ಫೋನ್ ತೆಗೆದು ನೋಡುವುದು. ಅಷ್ಟರಲ್ಲಿ ಆ ಗಳಿಗೆ ಕೈತಪ್ಪಿ ಹೋಗಿರುತ್ತದೆ. ಹಾಗೆಂದು ವಿನಯ್ ಅವರು ಹೇಳುವ ಎಚ್ಚರಿಕೆಯ ಸಂಗೀತವೂ ನನಗೆ ಬೇಡ. ಸಂಗೀತ ಬಂದ ತಕ್ಷಣ ‘ಸರಿ, ಯಾರೋ ಸತ್ತರು’ ಎಂದುಕೊಂಡು ಮನಸ್ಸು ಗಟ್ಟಿ ಮಾಡಿಕೊಂಡುಬಿಡುತ್ತೇನೆ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಹೇಳಿಲ್ಲ. ನಾನು ಬಳಸುವ ಪಾಕೆಟ್ ಕ್ಯಾಸ್ಟ್ಸ್ ಆ್ಯಪ್‌ನಲ್ಲಿ `Trim Silence` ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಕೇಳುವಾಗಲೇ ಮೌನಗಳು ಕತ್ತರಿಸಿಹೋಗುತ್ತವೆ. ಸುದ್ದಿಯ ಕಾರ್ಯಕ್ರಮಗಳಿಗಾಗಿ ನಾನು ಅದನ್ನು ಸದಾ ಆನ್ ಇಟ್ಟಿರುತ್ತೇನೆ. ನೀವು ಇಷ್ಟೆಲ್ಲ ಯೋಚಿಸಿ ಇಡುವ ಮೌನ ನನ್ನ ಕಿವಿಗೆ ಬರುವುದೇ ಇಲ್ಲವೇನೋ.

ಇಮ್ರಾನ್, ಶಿವಾಜಿನಗರ

ಕಾವೇರಿ ಅವರು ಎತ್ತಿದ ವಿಷಯ ಬಹಳ ಮುಖ್ಯ. ಆ ಆಯ್ಕೆಗೂ ಒಂದು ಮಿತಿ ಇರುತ್ತದೆ, ಆ ಮಿತಿಗಿಂತ ಮೇಲಿನ ಸದ್ದು ಇರುವ ಜಾಗವನ್ನು ಅದು ಮುಟ್ಟುವುದಿಲ್ಲ. ನಾಗರತ್ನ ಮೇಡಂ ಬರೆದ ‘ಸದ್ದು 3’ ಇಲ್ಲಿ ಎರಡು ಕೆಲಸ ಮಾಡಬಲ್ಲದು. ಹೊರಗಿನ ರಸ್ತೆಯ ಸದ್ದನ್ನು ಕೋಣೆಯ ಸದ್ದಿಗಿಂತ ಸ್ಪಷ್ಟವಾಗಿ ಮೇಲೆ ಇಟ್ಟರೆ, ಆ್ಯಪ್ ಅದನ್ನು ಮೌನವೆಂದು ಭಾವಿಸುವ ಸಾಧ್ಯತೆ ಕಡಿಮೆಯಾಗುತ್ತದೆ. ಬಸ್ಸಿನಲ್ಲಿ ಕೂತವರಿಗೂ ಕಥೆ ಇನ್ನೂ ನಡೆಯುತ್ತಿದೆ ಎಂಬ ಸುಳಿವು ಸಿಗುತ್ತದೆ. ಆದರೆ ನಗರದ ಸಂಚಾರದ ಏಕರೂಪದ ಗುಂಯ್ ಎನ್ನುವ ಸದ್ದು ಬಸ್ಸಿನ ಎಂಜಿನ್ನಿನಲ್ಲಿ ಕರಗಿಹೋಗುತ್ತದೆ. ಬಿಡಿಬಿಡಿಯಾಗಿ ಗುರುತಿಸಬಹುದಾದದ್ದು ಬೇಕು, ದೂರದ ಸೈಕಲ್ ಬೆಲ್ಲು, ಪಕ್ಕದ ಅಂಗಡಿಯವರು ಯಾರನ್ನೋ ಕರೆಯುವುದು, ಹೀಗೆ ಒಂದೆರಡು. ಶರ್ಮಿಳಾ ಅವರು ಸೂಚನೆಯಲ್ಲಿ ‘ಹೊರಗಿನ ರಸ್ತೆ’ ಎಂಬ ಕಡೆ ಇದನ್ನು ಬಿಡಿಸಿ ಬರೆದರೆ ನಮಗೆ ಅನುಕೂಲ.

ವಿನಯ್ ಅವರ ಪ್ರಶ್ನೆಗೆ ಉತ್ತರ ಯಂತ್ರದ ಸದ್ದಿನಲ್ಲೇ ಇದೆ ಎಂದು ನನಗನಿಸುತ್ತದೆ. ಅಡುಗೆಮನೆಯಲ್ಲಿ ಇರುವವರ ಗಮನವನ್ನೂ ಸೆಳೆಯುವುದು ಹೊಸ ಸದ್ದು ಬರುವುದು ಮಾತ್ರವಲ್ಲ, ಇದ್ದ ಸದ್ದು ನಿಲ್ಲುವುದೂ ಹೌದು. ಫ್ರಿಜ್ ಓಡುತ್ತಿರುವಾಗ ಯಾರೂ ಗಮನಿಸುವುದಿಲ್ಲ, ಕರೆಂಟ್ ಹೋದಾಗ ಎಲ್ಲರಿಗೂ ತಿಳಿಯುತ್ತದೆ.

ವಿನಯ್, ವಿಜಯನಗರ

ಯಂತ್ರ ಇರುವ ಈ ದೃಶ್ಯಕ್ಕೆ ಅದು ಸರಿಹೋಗುತ್ತದೆ. ಆಸ್ಪತ್ರೆಯ ಕೋಣೆಯಲ್ಲೋ ಮಲಗುವ ಮನೆಯಲ್ಲೋ ನಡೆಯುವ, ನಿಲ್ಲಿಸಲು ಯಾವ ಸದ್ದೂ ಇಲ್ಲದ ದೃಶ್ಯದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ನನ್ನಲ್ಲಿ ಹಾಗೆಯೇ ಇದೆ.

ನಾಗರತ್ನ, ರಾಜಾಜಿನಗರ

ಅಂಥ ದೃಶ್ಯವನ್ನು ಬರೆಯುವಾಗಲೇ ಒಂದು ಸದ್ದನ್ನು ಹೊಂದಿಸಿಕೊಳ್ಳಬೇಕು ವಿನಯ್, ಮಾತೆಲ್ಲ ಮುಗಿದ ಮೇಲೆ ಸೂಚನೆ ಸೇರಿಸಲು ಕುಳಿತರೆ ಸಿಗುವುದಿಲ್ಲ. ಮಲಗುವ ಮನೆಯಲ್ಲಿ ಫ್ಯಾನ್ ಇರುತ್ತದೆ, ಕಿಟಕಿಯ ಹೊರಗೆ ಮಳೆ ಇರಬಹುದು. ಆದರೂ ಎಲ್ಲ ದೃಶ್ಯಗಳಿಗೂ ಇದು ಒದಗುತ್ತದೆ ಎಂದು ನಾನು ಹೇಳಲಾರೆ. ಸಂಗೀತದಿಂದಲೇ ಆರಂಭವಾಗಬೇಕಾದ ದೃಶ್ಯಗಳನ್ನೂ ನಾನು ಬರೆದಿದ್ದೇನೆ. ಅಲ್ಲಿ ಕೇಳುಗರಿಗೆ ವಿಷಯ ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಪಾತ್ರಕ್ಕೆ ಮಾತ್ರ.

ಶರ್ಮಿಳಾ, ಗಿರಿನಗರ

ಎಲ್ಲರಿಗೂ ಧನ್ಯವಾದಗಳು. ಸ್ಕ್ರಿಪ್ಟ್ ತಿದ್ದಿದ್ದೇನೆ. ಸದ್ದು 3ರ ಸಾಲು ಈಗ ಹೀಗಿದೆ: ‘ಹೊರಗಿನ ಗಲ್ಲಿ. ಯಂತ್ರ ನಿಂತ ಮೇಲೆ ಮಾತ್ರ. ದೂರದಲ್ಲಿ ಕೈಗಾಡಿಯ ಚಕ್ರ, ಒಂದು ಸಲ ಸೈಕಲ್ ಬೆಲ್ಲು. ಬೆಲ್ಲು ಮೌನ 1ರ ಒಳಗೆ ಬೀಳಲಿ, ಆದರೆ ವಸುಧಾಳ ಮಾತು ಮುಗಿದ ಕೂಡಲೇ ಬೇಡ.’ ಸಂಗೀತ 1ಕ್ಕೆ ‘ಒಂಟಿ ವಾದ್ಯ, ಕೆಳಸ್ಥಾಯಿ, ತಾಳವಿಲ್ಲ, ಪರಿಚಿತ ಕೃತಿ ಬೇಡ’ ಎಂದು ಬರೆದು ರಾಗದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ರಾಘವೇಂದ್ರ ಅವರೇ, ನಿಮಗೆ ಬಿಡುವಿದ್ದರೆ ನೀವೇ ಬಂದು ನುಡಿಸಬಹುದೇ? ಹಾಗಾದಲ್ಲಿ ಆ ಜಾಗವನ್ನು ನೀವೇ ತುಂಬಿ.

ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಇನ್ನೂ ಟ್ರೆಡಲ್ ಓಡಿಸುವ ಪ್ರೆಸ್ಸು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಂಗ್ರಹದಲ್ಲಿ ಸಿಕ್ಕ ಸದ್ದುಗಳಲ್ಲಿ ಯಂತ್ರ ಓಡುವುದು ಮಾತ್ರ ಇದೆ, ಸ್ವಿಚ್ ಆರಿಸಿದ ಮೇಲೆ ಚಕ್ರ ನಿಧಾನವಾಗಿ ನಿಲ್ಲುವವರೆಗಿನ ಮುದ್ರಣ ಎಲ್ಲಿಯೂ ಇಲ್ಲ.

ಇಮ್ರಾನ್, ಶಿವಾಜಿನಗರ

ಕಾಟನ್‌ಪೇಟೆಯ ಕಡೆ ಒಬ್ಬರನ್ನು ವಿಚಾರಿಸಿ ಹೇಳುತ್ತೇನೆ. ಸಿಕ್ಕಿದರೆ ಎರಡು ಮೈಕು ತೆಗೆದುಕೊಂಡು ಹೋಗೋಣ, ಒಂದು ಯಂತ್ರದ ಹತ್ತಿರ, ಇನ್ನೊಂದು ಬಾಗಿಲ ಬಳಿ ಗಲ್ಲಿಯ ಕಡೆಗೆ. ಯಂತ್ರ ನಿಂತ ಮೇಲೂ ಎರಡು ನಿಮಿಷ ಮುದ್ರಣ ನಿಲ್ಲಿಸುವುದು ಬೇಡ.